‘ಇಲ್ಲಿ ಯಾವ ಅಂಕಿ?’ ಎಂದು ಕೇಳಬೇಡಿ

ಕೆಳಗಿನ ಸುಡೊಕುವಿನ ಮೊದಲ ಸಾಲನ್ನು ನೋಡಿ. 6, 1, ಅದರ ಪಕ್ಕದಲ್ಲಿ ಒಂದು ಖಾಲಿ ಮನೆ. ಹೊಸದಾಗಿ ಆಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ‘ಈ ಮನೆಗೆ ಯಾವ ಅಂಕಿ?’ ಎಂದು ಯೋಚನೆ ಶುರುವಾಗುತ್ತದೆ.

```
6 1 . | 5 2 3 | . . .
9 . 8 | . . . | 1 . .
. . 5 | . . . | . . .
------+-------+------
. 4 . | . 5 . | . 2 .
3 8 . | 1 . 7 | . 4 5
. 6 . | . 9 . | . 8 .
------+-------+------
. . . | . . . | 7 . .
. . 1 | . . . | 5 . 3
. . . | 9 4 1 | . 6 8
```

ಅದೇ ಸಾಲಿನಲ್ಲಿ 6, 1, 5, 2, 3 ಇವೆ, ಅವು ಬೇಡ. ಕೆಳಗೆ 8 ಮತ್ತು 5 ಇವೆ, ಪಕ್ಕದಲ್ಲೇ 9 ಇದೆ, ಅವೂ ಬೇಡ. ಎಲ್ಲವನ್ನೂ ಕಳೆದರೆ 4 ಮತ್ತು 7 ಉಳಿಯುತ್ತವೆ. ಅಲ್ಲಿಂದ ಮುಂದೆ ದಾರಿ ಕಾಣುವುದಿಲ್ಲ. ಆಗ ಮನಸ್ಸು, ‘ಎರಡರಲ್ಲಿ ಒಂದು ತಾನೆ, 7 ಬರೆದು ನೋಡೋಣ’ ಎನ್ನುತ್ತದೆ. ನಾನೂ ವರ್ಷಗಟ್ಟಲೆ ಪತ್ರಿಕೆಯ ಪುಟದಲ್ಲಿ ಹಾಗೇ ಬರೆಯುತ್ತಿದ್ದೆ. ಮುಕ್ಕಾಲು ತುಂಬಿದ ಮೇಲೆ ಒಂದೇ ಸಾಲಿನಲ್ಲಿ ಎರಡು 7 ಕಾಣುತ್ತಿದ್ದವು. ತಪ್ಪು ಎಲ್ಲಿ ಆಯಿತೆಂದು ಹುಡುಕಲು ಆಗುತ್ತಿರಲಿಲ್ಲ. ಸುಡೊಕು ನನಗೆ ಒಗ್ಗುವುದಿಲ್ಲ ಎಂದೇ ನಂಬಿದ್ದೆ.

ಒಗ್ಗದೇ ಇದ್ದದ್ದು ನನ್ನ ಪ್ರಶ್ನೆ. ‘ಈ ಮನೆಗೆ ಯಾವ ಅಂಕಿ?’ ಎಂದು ಕೇಳಿದರೆ ಒಂಬತ್ತು ಅಂಕಿಗಳನ್ನೂ ಒಂದೊಂದಾಗಿ ತೂಗಬೇಕು. ಅದನ್ನು ತಿರುಗಿಸಿ, ‘ಈ ಅಂಕಿಗೆ ಈ ಪೆಟ್ಟಿಗೆಯಲ್ಲಿ ಯಾವ ಮನೆ?’ ಎಂದು ಕೇಳಿ. ಆಗ ಒಂದೇ ಅಂಕಿಯ ಮೇಲೆ ಕಣ್ಣಿಟ್ಟರೆ ಸಾಕು. ಹೊಸಬರಿಗಾಗಿ ಮಾಡಿದ ಹೆಚ್ಚಿನ ಸುಡೊಕುಗಳು ಈ ಒಂದು ಪ್ರಶ್ನೆಯಿಂದಲೇ ಅರ್ಧಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತವೆ. ಮೊದಲ ಸಾಲಿನ ಆ ಖಾಲಿ ಮನೆಯನ್ನು ಸದ್ಯಕ್ಕೆ ಹಾಗೇ ಬಿಡೋಣ. ತಾನಾಗಿ ಉತ್ತರ ಹೇಳುವ ಹೊತ್ತಿಗೆ ಅಲ್ಲಿಗೆ ಮರಳೋಣ.

ಮೂರು ಕಟ್ಟು, ಒಂದು ನಿಯಮ

ಇಲ್ಲಿ ಒಟ್ಟು 81 ಮನೆಗಳಿವೆ. ಎಡದಿಂದ ಬಲಕ್ಕೆ ಹೋಗುವ 9 ಅಡ್ಡಸಾಲು, ಮೇಲಿನಿಂದ ಕೆಳಕ್ಕೆ ಇಳಿಯುವ 9 ಕಂಬಸಾಲು, ದಪ್ಪ ಗೆರೆಗಳ ನಡುವೆ ಒಂಬತ್ತೊಂಬತ್ತು ಮನೆಗಳ 9 ಪೆಟ್ಟಿಗೆ. ಪ್ರತಿ ಅಡ್ಡಸಾಲಿನಲ್ಲೂ, ಪ್ರತಿ ಕಂಬಸಾಲಿನಲ್ಲೂ, ಪ್ರತಿ ಪೆಟ್ಟಿಗೆಯಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಸಲ ಬರಬೇಕು. ಇಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅಂಕಿಗಳ ಬದಲು ಒಂಬತ್ತು ಅಕ್ಷರಗಳನ್ನು ಇಟ್ಟರೂ ಆಟ ಬದಲಾಗುವುದಿಲ್ಲ.

ಈ ನಿಯಮ ಆಟದ ಹೆಸರಿನಲ್ಲೇ ಅಡಗಿದೆ. ಇಂದಿನ ರೂಪದ ಸುಡೊಕು ಅಚ್ಚಾದದ್ದು 1979ರಲ್ಲಿ, ಅಮೆರಿಕದ ಡೆಲ್ ಸಂಸ್ಥೆಯ ಒಗಟಿನ ಪತ್ರಿಕೆಯಲ್ಲಿ. ಆಗ ಅದರ ಹೆಸರು ‘ನಂಬರ್ ಪ್ಲೇಸ್’. ಇಂಡಿಯಾನಾಪೊಲಿಸ್‌ನ ವಾಸ್ತುಶಿಲ್ಪಿ ಹೊವಾರ್ಡ್ ಗಾರ್ನ್ಸ್ ಅದನ್ನು ರಚಿಸಿದ್ದರೆಂದು ಆಮೇಲೆ ಗೊತ್ತಾಯಿತು. 1984ರಲ್ಲಿ ಜಪಾನಿನ ನಿಕೋಲಿ ಪತ್ರಿಕೆ ಅದನ್ನು ತನ್ನ ಓದುಗರಿಗೆ ಪರಿಚಯಿಸಿತು. ಅದರ ಸಂಪಾದಕ ಮಾಕಿ ಕಾಜಿ ಇಟ್ಟ ಉದ್ದನೆಯ ಜಪಾನೀ ಹೆಸರಿನ ಅರ್ಥ, ‘ಅಂಕಿಗಳು ಒಂಟಿಯಾಗಿಯೇ ಇರಬೇಕು’. ಆ ವಾಕ್ಯವೇ ಮೊಟಕಾಗಿ ‘ಸುಡೊಕು’ ಆಯಿತು. ಒಂದು ಕಟ್ಟಿನೊಳಗೆ ಒಂದು ಅಂಕಿ ಒಂದೇ ಕಡೆ ಇರುತ್ತದೆ. ಹಾಗಾಗಿ ಅದು ಒಂದು ಕಡೆ ಇದ್ದರೆ ಆ ಕಟ್ಟಿನ ಉಳಿದ ಎಲ್ಲಾ ಮನೆಗಳೂ ಅದಕ್ಕೆ ಮುಚ್ಚಿದಂತೆ. ಮುಂದೆ ಮಾಡುವುದೆಲ್ಲ ಈ ಮುಚ್ಚಿದ ಮನೆಗಳನ್ನು ಗುರುತಿಸುವ ಕೆಲಸ.

ಮನೆಗಳಿಗೆ ಒಂದು ವಿಳಾಸ ಇಟ್ಟುಕೊಳ್ಳೋಣ. ಮೊದಲು ಅಡ್ಡಸಾಲು, ಆಮೇಲೆ ಕಂಬಸಾಲು. 3-5 ಎಂದರೆ ಮೇಲಿನಿಂದ 3ನೇ ಅಡ್ಡಸಾಲು, ಎಡದಿಂದ 5ನೇ ಕಂಬಸಾಲು ಕೂಡುವ ಮನೆ.

ಹೆಚ್ಚು ಕಾಣುವ ಅಂಕಿಯಿಂದ ಶುರು

ಪೆನ್ಸಿಲ್ ಕೈಗೆತ್ತಿಕೊಳ್ಳುವ ಮೊದಲು ಯಾವ ಅಂಕಿ ಎಷ್ಟು ಸಲ ಇದೆ ಎಂದು ಎಣಿಸಿ. ನಮ್ಮ ಸುಡೊಕುವಿನಲ್ಲಿ ಕೊಟ್ಟಿರುವ ಅಂಕಿಗಳು 30. ಅವುಗಳಲ್ಲಿ 1 ಐದು ಸಲ, 5 ಐದು ಸಲ ಇವೆ. 2 ಮತ್ತು 7 ಎರಡೆರಡು ಸಲ ಮಾತ್ರ. ಹೆಚ್ಚು ಕಡೆ ಇರುವ ಅಂಕಿ ಹೆಚ್ಚು ಸಾಲುಗಳನ್ನು ಮುಚ್ಚಿರುತ್ತದೆ, ಅದಕ್ಕೆ ಉಳಿದ ಜಾಗ ಕಡಿಮೆ. ಆದ್ದರಿಂದ 1 ಮತ್ತು 5ರಿಂದ ಶುರು ಮಾಡುವುದು ಸುಲಭ.

1ನ್ನು ಹಿಡಿಯೋಣ. ಮೇಲಿನ ಮೂರು ಪೆಟ್ಟಿಗೆಗಳಲ್ಲಿ ಎಡದ್ದಕ್ಕೂ ಬಲದ್ದಕ್ಕೂ 1 ಸಿಕ್ಕಿದೆ, ನಡುವಿನದಕ್ಕೆ ಇಲ್ಲ. ಪ್ರತಿಯೊಂದು 1ನ್ನೂ ಚದುರಂಗದ ಆನೆ ಎಂದುಕೊಳ್ಳಿ. ಅದು ನಿಂತಲ್ಲಿಂದ ಅಡ್ಡಕ್ಕೂ ಉದ್ದಕ್ಕೂ ನೇರ ದಾರಿಯನ್ನು ಕಾಯುತ್ತದೆ. 1ನೇ ಅಡ್ಡಸಾಲನ್ನು 1-2ರ ಮನೆಯ 1 ಕಾಯುತ್ತಿದೆ, 2ನೆಯದನ್ನು 2-7ರ 1 ಕಾಯುತ್ತಿದೆ. ಹಾಗಾಗಿ ನಡು ಪೆಟ್ಟಿಗೆಯ 1 ಬರಬೇಕಾದದ್ದು 3ನೇ ಅಡ್ಡಸಾಲಿನಲ್ಲಿ. ಅಲ್ಲಿ ಮೂರು ಖಾಲಿ ಮನೆಗಳಿವೆ. ಈಗ ಕಣ್ಣನ್ನು ಕೆಳಕ್ಕೆ ಇಳಿಸಿ. 4ನೇ ಕಂಬಸಾಲಿನಲ್ಲಿ 1 ಇದೆ (5-4), 6ನೇ ಕಂಬಸಾಲಿನಲ್ಲೂ ಇದೆ (9-6). ಎರಡು ಮನೆಗಳು ಮುಚ್ಚಿದವು, 3-5 ಒಂದೇ ಉಳಿಯಿತು. ಅಲ್ಲಿ 1 ಬರೆಯಿರಿ.

3-5ರ ಸುತ್ತಲೂ ಆ ಪೆಟ್ಟಿಗೆಯಲ್ಲಿ ಐದು ಮನೆಗಳು ಇನ್ನೂ ಖಾಲಿ. ಆ ಮನೆಯನ್ನೇ ದಿಟ್ಟಿಸಿ ‘ಇಲ್ಲಿ ಯಾವ ಅಂಕಿ?’ ಎಂದು ಕೇಳಿದ್ದರೆ ಹಲವು ಅಂಕಿಗಳು ಎದುರಿಗೆ ನಿಲ್ಲುತ್ತಿದ್ದವು. 1ರ ಕಡೆಯಿಂದ ನೋಡಿದ್ದರಿಂದ ನಾಲ್ಕು ಗೆರೆಗಳಲ್ಲೇ ತೀರ್ಮಾನವಾಯಿತು.

ನಡುವಿನ ಎಡ ಪೆಟ್ಟಿಗೆಗೂ ಇದೇ ಪ್ರಶ್ನೆ ಹಾಕಿ. 2 ಮತ್ತು 3ನೇ ಕಂಬಸಾಲುಗಳು 1ಕ್ಕೆ ಮುಚ್ಚಿವೆ. ಮೊದಲ ಕಂಬಸಾಲಿನಲ್ಲಿ 4-1 ಮತ್ತು 6-1 ಎರಡೂ ಖಾಲಿ. ಎರಡು ಜಾಗ ಇದೆ ಎಂದರೆ ಉತ್ತರ ಇನ್ನೂ ಬಂದಿಲ್ಲ ಎಂದರ್ಥ. ಬರೆಯದೆ ಮುಂದೆ ಹೋಗಿ.

5ರ ಸುತ್ತು

ಈಗ 5. ಮೇಲಿನ ಬಲ ಪೆಟ್ಟಿಗೆಯಲ್ಲಿ 5 ಇಲ್ಲ. 1 ಮತ್ತು 3ನೇ ಅಡ್ಡಸಾಲುಗಳಲ್ಲಿ 5 ಇರುವುದರಿಂದ 2ನೇ ಅಡ್ಡಸಾಲು ಮಾತ್ರ ತೆರೆದಿದೆ. ಅಲ್ಲಿ 2-8, 2-9 ಖಾಲಿ. 9ನೇ ಕಂಬಸಾಲಿನಲ್ಲಿ 5 ಇದೆ (5-9). ಹಾಗಾದರೆ 2-8 ಮನೆಗೆ 5.

ನಡುವಿನ ಎಡ ಪೆಟ್ಟಿಗೆಯಲ್ಲಿ 4 ಮತ್ತು 5ನೇ ಅಡ್ಡಸಾಲುಗಳು 5ಕ್ಕೆ ಮುಚ್ಚಿವೆ. 6ನೆಯದರಲ್ಲಿ 6-1 ಅಥವಾ 6-3. 3ನೇ ಕಂಬಸಾಲಿನಲ್ಲಿ 5 ಇದೆ, ಆದ್ದರಿಂದ 6-1. ಕೆಳಗಿನ ನಡು ಪೆಟ್ಟಿಗೆಯಲ್ಲಿ 4 ಮತ್ತು 5ನೇ ಕಂಬಸಾಲುಗಳು ಮುಚ್ಚಿವೆ, 8ನೇ ಅಡ್ಡಸಾಲೂ ಮುಚ್ಚಿದೆ, 9-6ರಲ್ಲಿ ಆಗಲೇ 1 ಇದೆ. ಉಳಿದದ್ದು 7-6. ಈಗ ಕೆಳಗಿನ ಎಡ ಪೆಟ್ಟಿಗೆಗೆ ಬನ್ನಿ. ಈಗಷ್ಟೇ ಬರೆದ 6-1ರ 5 ಮೊದಲ ಕಂಬಸಾಲನ್ನು ಮುಚ್ಚಿದೆ, 7-6ರ 5 ಏಳನೇ ಅಡ್ಡಸಾಲನ್ನು ಮುಚ್ಚಿದೆ. 3ನೇ ಕಂಬಸಾಲು, 8ನೇ ಅಡ್ಡಸಾಲು ಮೊದಲೇ ಮುಚ್ಚಿದ್ದವು. 9-2 ಒಂದೇ ತೆರೆದಿದೆ. ಒಂಬತ್ತು 5ಗಳೂ ಕೂತವು.

ಹೊಸದಾಗಿ ಬರೆದ ಪ್ರತಿ ಅಂಕಿ ಹಿಂದೆ ಅರ್ಧಕ್ಕೆ ಬಿಟ್ಟ ಪ್ರಶ್ನೆಯನ್ನು ಬಿಡಿಸಬಹುದು. 1ಕ್ಕಾಗಿ 4-1 ಮತ್ತು 6-1ರ ನಡುವೆ ನಿಂತಿದ್ದೆವಲ್ಲ, 6-1ರಲ್ಲಿ ಈಗ 5 ಕೂತಿದೆ. ಹಾಗಾದರೆ 4-1ರಲ್ಲಿ 1. ಅದು 4ನೇ ಅಡ್ಡಸಾಲನ್ನು ಮುಚ್ಚಿದ್ದರಿಂದ ನಡುವಿನ ಬಲ ಪೆಟ್ಟಿಗೆಯ 1ಕ್ಕೆ 6-9 ಮಾತ್ರ ಉಳಿಯಿತು. ಅದು 9ನೇ ಕಂಬಸಾಲನ್ನು ಮುಚ್ಚಿತು, ಆದ್ದರಿಂದ ಕೆಳಗಿನ ಬಲ ಪೆಟ್ಟಿಗೆಯ 1 ಹೋಗಬೇಕಾದದ್ದು 7-8ಕ್ಕೆ. 1ಗಳೂ ಒಂಬತ್ತಾದವು. ಮೊದಲ ಸಲ ಎರಡರಲ್ಲಿ ಒಂದನ್ನು ಊಹಿಸಿ ಬರೆಯದೆ ಬಿಟ್ಟದ್ದಕ್ಕೆ ಮೂರು ಮನೆಗಳು ಖಚಿತವಾಗಿ ಸಿಕ್ಕವು.

ತುಂಬುತ್ತಿರುವ ಸಾಲು

ಒಂದು ಸಾಲಿನಲ್ಲೋ ಪೆಟ್ಟಿಗೆಯಲ್ಲೋ ಎರಡು ಮೂರು ಮನೆ ಮಾತ್ರ ಉಳಿದಾಗ ಪ್ರಶ್ನೆಯನ್ನು ಬದಲಿಸಬಹುದು. ‘ಇಲ್ಲಿ ಯಾವ ಅಂಕಿಗಳು ಬಾಕಿ?’ ಎಂದು ಕೇಳುವ ಹೊತ್ತು ಅದು. 5ನೇ ಅಡ್ಡಸಾಲಿನಲ್ಲಿ 3, 8, 1, 7, 4, 5 ಇವೆ. ಬಾಕಿ ಇರುವುದು 2, 6, 9. ಖಾಲಿ ಮನೆಗಳು 5-3, 5-5, 5-7. ನಡುವಿನ 5-5ರ ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ನೋಡಿ. ಅಲ್ಲಿ 2 ಇದೆ, 9 ಇದೆ. ಆದ್ದರಿಂದ 5-5ಕ್ಕೆ 6. ಇನ್ನು 2 ಮತ್ತು 9. ಬಲ ಪೆಟ್ಟಿಗೆಯಲ್ಲಿ ಆಗಲೇ 2 ಇರುವುದರಿಂದ (4-8) 5-7ಕ್ಕೆ 9, ಉಳಿದ 5-3ಕ್ಕೆ 2.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅಡ್ಡಸಾಲು ನೋಡುತ್ತಾರೆ, ಕಂಬಸಾಲು ನೋಡುತ್ತಾರೆ, ಪೆಟ್ಟಿಗೆಯನ್ನು ಮರೆಯುತ್ತಾರೆ. 7ನೇ ಕಂಬಸಾಲಿನಲ್ಲಿ 2 ಎಲ್ಲೂ ಇಲ್ಲ. 5-7ಕ್ಕೆ 2 ಬಾರದು ಎಂದು ಹೇಳಿದ್ದು ಪೆಟ್ಟಿಗೆ ಮಾತ್ರ. ಒಂದು ಅಂಕಿ ಬರೆಯುವ ಮೊದಲು ಅಡ್ಡ, ಉದ್ದ, ಪೆಟ್ಟಿಗೆ ಎಂದು ಮೂರನ್ನೂ ಇದೇ ಕ್ರಮದಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇದೇ ಬಗೆಯಲ್ಲಿ ನಡುವಿನ ಮೂರು ಪೆಟ್ಟಿಗೆಗಳು ಬೇಗ ತುಂಬುತ್ತವೆ. ನಟ್ಟನಡುವಿನ ಪೆಟ್ಟಿಗೆಗೆ 2, 3, 4, 8 ಬಾಕಿ. 4ನೇ ಅಡ್ಡಸಾಲಿನಲ್ಲಿ 2 ಮತ್ತು 4 ಆಗಲೇ ಇವೆ, ಆದ್ದರಿಂದ ಆ ಸಾಲಿನ ಎರಡು ಮನೆಗಳಿಗೆ 3 ಮತ್ತು 8. 6ನೇ ಕಂಬಸಾಲಿನಲ್ಲಿ 3 ಇರುವುದರಿಂದ 4-6ಕ್ಕೆ 8, 4-4ಕ್ಕೆ 3. ಬಲ ಪೆಟ್ಟಿಗೆಗೆ 3, 6, 7 ಬಾಕಿ. 4ನೇ ಸಾಲಿಗೆ 3 ಸಿಕ್ಕಿದ್ದರಿಂದ 6-7ಕ್ಕೆ 3. 7ನೇ ಕಂಬಸಾಲಿನಲ್ಲಿ 7 ಇದೆ, ಹಾಗಾಗಿ 4-7ಕ್ಕೆ 6, 4-9ಕ್ಕೆ 7. ಈಗ 4ನೇ ಸಾಲಿನಲ್ಲಿ 9 ಮಾತ್ರ ಬಾಕಿ, ಅದು 4-3ಕ್ಕೆ. ಎಡ ಪೆಟ್ಟಿಗೆಯಲ್ಲಿ 7 ಮಾತ್ರ ಬಾಕಿ, ಅದು 6-3ಕ್ಕೆ. ಇಷ್ಟಾದ ಮೇಲೆ ನಮ್ಮ ಸುಡೊಕು ಹೀಗಿರುತ್ತದೆ:

```
6 1 . | 5 2 3 | . . .
9 . 8 | . . . | 1 5 .
. . 5 | . 1 . | . . .
------+-------+------
1 4 9 | 3 5 8 | 6 2 7
3 8 2 | 1 6 7 | 9 4 5
5 6 7 | . 9 . | 3 8 1
------+-------+------
. . . | . . 5 | 7 1 .
. . 1 | . . . | 5 . 3
. 5 . | 9 4 1 | . 6 8
```

ಈಗ ಮೊದಲ ಸಾಲಿನ ಆ ಖಾಲಿ ಮನೆಗೆ, 1-3ಕ್ಕೆ, ಮರಳಿ ನೋಡಿ. 4 ಅಥವಾ 7 ಎಂದು ಅಲ್ಲಿ ಸಿಕ್ಕಿಬಿದ್ದಿದ್ದೆವು. 6-3ರಲ್ಲಿ ಈಗಷ್ಟೇ 7 ಬಂದಿದೆ, 3ನೇ ಕಂಬಸಾಲು 7ಕ್ಕೆ ಮುಚ್ಚಿತು. ಆದ್ದರಿಂದ 1-3ರಲ್ಲಿ 4. ಮೊದಲೇ 7 ಬರೆದವರು ಇಲ್ಲಿಯವರೆಗೂ ತಪ್ಪು ಹೊತ್ತುಕೊಂಡೇ ಬರುತ್ತಿದ್ದರು.

ಕೈ ತಡೆದುಕೊಳ್ಳಬೇಕಾದ ಜಾಗ

6ನೇ ಅಡ್ಡಸಾಲಿನಲ್ಲಿ ಎರಡೇ ಮನೆ ಖಾಲಿ: 6-4 ಮತ್ತು 6-6. ಬಾಕಿ ಅಂಕಿಗಳೂ ಎರಡೇ: 2 ಮತ್ತು 4. ಸಾಲು ಮುಗಿಸಿಬಿಡುವ ಆಸೆ ಹುಟ್ಟುವುದು ಇಲ್ಲೇ. ಆದರೆ 4ನೇ ಕಂಬಸಾಲಿನಲ್ಲಿ 2 ಇಲ್ಲ, 4 ಇಲ್ಲ. 6ನೆಯದರಲ್ಲೂ ಇಲ್ಲ. ಅಂದರೆ ಸದ್ಯಕ್ಕೆ ಯಾವ ಕಾರಣವೂ ಇಲ್ಲ. ಕಾರಣ ಹೇಳಲಾಗದ ಅಂಕಿ ಎಷ್ಟೇ ಸರಿ ಅನಿಸಿದರೂ ಊಹೆಯೇ. ಎರಡೂ ಮನೆಗಳ ಮೂಲೆಯಲ್ಲಿ ಸಣ್ಣದಾಗಿ 2, 4 ಎಂದು ಗುರುತು ಹಾಕಿ ಮುಂದುವರಿಯಿರಿ.

3ನೇ ಕಂಬಸಾಲಿಗೆ 3 ಮತ್ತು 6 ಬಾಕಿ. 9ನೇ ಅಡ್ಡಸಾಲಿನಲ್ಲಿ 6 ಇರುವುದರಿಂದ 9-3ಕ್ಕೆ 3, 7-3ಕ್ಕೆ 6. 9ನೇ ಅಡ್ಡಸಾಲಿಗೆ ಈಗ 2 ಮತ್ತು 7 ಬಾಕಿ. 7ನೇ ಕಂಬಸಾಲಿನಲ್ಲಿ 7 ಇದೆ, ಆದ್ದರಿಂದ 9-7ಕ್ಕೆ 2, 9-1ಕ್ಕೆ 7. ಕೆಳಗಿನ ಬಲ ಪೆಟ್ಟಿಗೆಗೆ 4 ಮತ್ತು 9 ಬಾಕಿ. 8ನೇ ಕಂಬಸಾಲಿನಲ್ಲಿ 4 ಇದೆ, ಆದ್ದರಿಂದ 8-8ಕ್ಕೆ 9, 7-9ಕ್ಕೆ 4.

ಕೆಳಗಿನ ಎಡ ಪೆಟ್ಟಿಗೆಯಲ್ಲಿ ನಾಲ್ಕು ಮನೆ ಖಾಲಿ, 2, 4, 8, 9 ಬಾಕಿ. ಇಲ್ಲಿ ಮತ್ತೆ ಅಂಕಿಯ ಕಡೆಯಿಂದ ಹೋಗಿ. 4ಕ್ಕೆ 7ನೇ ಅಡ್ಡಸಾಲೂ 2ನೇ ಕಂಬಸಾಲೂ ಮುಚ್ಚಿವೆ, ಆದ್ದರಿಂದ 8-1. 9ಕ್ಕೆ 8ನೇ ಅಡ್ಡಸಾಲೂ ಮೊದಲ ಕಂಬಸಾಲೂ ಮುಚ್ಚಿವೆ, ಆದ್ದರಿಂದ 7-2. 8ಕ್ಕೆ 2ನೇ ಕಂಬಸಾಲು ಮುಚ್ಚಿದೆ, ಆದ್ದರಿಂದ 7-1. ಉಳಿದ 2 ಹೋಗುವುದು 8-2ಕ್ಕೆ.

ಈ 2 ಬಾಗಿಲು ತೆಗೆಯುತ್ತದೆ. ಕೆಳಗಿನ ನಡು ಪೆಟ್ಟಿಗೆಗೆ 2 ಬೇಕು. 8 ಮತ್ತು 9ನೇ ಅಡ್ಡಸಾಲುಗಳಲ್ಲಿ 2 ಇದೆ, 5ನೇ ಕಂಬಸಾಲಿನಲ್ಲೂ ಇದೆ. 7-6ರಲ್ಲಿ 5 ಕೂತಿದೆ. ಹಾಗಾದರೆ 7-4ರಲ್ಲಿ 2. ಅಲ್ಲಿಂದ ಮೇಲಕ್ಕೆ ನೋಡಿ: 4ನೇ ಕಂಬಸಾಲಿಗೆ 2 ಸಿಕ್ಕಿದ ಮೇಲೆ 6-4ರಲ್ಲಿ 2 ಇರಲಾರದು. 6-4ಕ್ಕೆ 4, 6-6ಕ್ಕೆ 2.

ಊಹಿಸಿದ್ದರೆ ಏನಾಗುತ್ತಿತ್ತು?

6-4ರಲ್ಲಿ ಅವಸರದಿಂದ 2 ಬರೆದಿದ್ದೆವು ಎಂದುಕೊಳ್ಳಿ. ಆ ಕ್ಷಣ ಏನೂ ಕೆಟ್ಟಂತೆ ಕಾಣುತ್ತಿರಲಿಲ್ಲ. ಆಮೇಲೆ ತುಂಬಿದ 10 ಮನೆಗಳೂ, ಅಂದರೆ 9-3ರಿಂದ 8-2ರವರೆಗೆ, ಒಂದೂ ಅಡ್ಡಿಯಿಲ್ಲದೆ ಸರಿಯಾಗಿಯೇ ಕೂರುತ್ತಿದ್ದವು. ಕೊನೆಗೆ ಕೆಳಗಿನ ನಡು ಪೆಟ್ಟಿಗೆಯಲ್ಲಿ 2ಕ್ಕೆ ಒಂದೂ ಜಾಗ ಸಿಗುತ್ತಿರಲಿಲ್ಲ. ಆಗ ನಮ್ಮ ಅನುಮಾನ ಹೋಗುವುದು ತೀರ ಈಚೆಗೆ ಬರೆದ 8-2ರ ಮೇಲೆ, 7-1ರ ಮೇಲೆ. ಅವುಗಳಲ್ಲಿ ತಪ್ಪೇ ಇಲ್ಲ. ಸರಿಯಾದವನ್ನು ಅಳಿಸಿ ತಪ್ಪನ್ನು ಉಳಿಸಿಕೊಂಡಂತಾಗುತ್ತಿತ್ತು. ಊಹೆಯ ತೊಂದರೆ ಇದು. ಅದು ಬಿತ್ತಿದ ಜಾಗದಲ್ಲಿ ಮೊಳೆಯದೆ ದೂರದಲ್ಲೆಲ್ಲೋ ಮೊಳೆಯುತ್ತದೆ.

ತಪ್ಪಾಗಿದೆ ಎಂದು ತಿಳಿಸುವ ಗುರುತುಗಳು ಎರಡು: ಒಂದು ಕಟ್ಟಿನಲ್ಲಿ ಒಂದೇ ಅಂಕಿ ಎರಡು ಸಲ ಬರುವುದು, ಅಥವಾ ಒಂದು ಅಂಕಿಗೆ ಒಂದು ಕಟ್ಟಿನಲ್ಲಿ ಜಾಗವೇ ಇಲ್ಲದಿರುವುದು. ಇವು ಕಂಡರೆ ಕೊನೆಯ ಒಂದೆರಡು ಅಂಕಿ ಅಳಿಸಿ ಪ್ರಯೋಜನವಿಲ್ಲ. ಕೊಟ್ಟಿರುವ ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಮೊದಲಿನಿಂದ ಶುರು ಮಾಡುವುದೇ ಬೇಗ ಮುಗಿಯುತ್ತದೆ. ಕೊಟ್ಟ ಅಂಕಿಗಳು ಪೆನ್ನಿನಲ್ಲಿ, ನಿಮ್ಮವು ಪೆನ್ಸಿಲಿನಲ್ಲಿ ಇದ್ದರೆ ಇದು ಸುಲಭ.

ಈ ದಾರಿಗೂ ಒಂದು ಮಿತಿ ಇದೆ. ಕಠಿಣ ಎಂದು ಗುರುತು ಹಾಕಿರುವ ಸುಡೊಕುಗಳಲ್ಲಿ ಬರೀ ಕಣ್ಣಾಡಿಸಿದರೆ ಎಲ್ಲೋ ಒಂದು ಕಡೆ ನಿಂತುಹೋಗುತ್ತದೆ. 1ರಿಂದ 9ರವರೆಗೆ ಪ್ರತಿ ಅಂಕಿಗೂ ಒಂಬತ್ತು ಪೆಟ್ಟಿಗೆಗಳನ್ನು ಸುತ್ತಿ, ಸಾಲುಗಳ ಬಾಕಿಯನ್ನೂ ನೋಡಿದ ಮೇಲೆ ಒಂದೂ ಹೊಸ ಮನೆ ಸಿಗದಿದ್ದರೆ, ಇನ್ನೊಂದು ಸುತ್ತು ನಿಧಾನವಾಗಿ ಹಾಕಿ. ಮೊದಲ ಸಲ ಕಣ್ಣು ತಪ್ಪಿದ್ದು ಸಾಮಾನ್ಯವಾಗಿ ಈಗ ಸಿಗುತ್ತದೆ. ಆಗಲೂ ಸಿಗದಿದ್ದರೆ ಅದಕ್ಕೆ ಬೇರೆ ವಿಧಾನ ಬೇಕು: ಪ್ರತಿ ಖಾಲಿ ಮನೆಯಲ್ಲೂ ಬರಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಬರೆದುಕೊಂಡು, ಅವುಗಳನ್ನು ಒಂದರೊಡನೊಂದು ಹೋಲಿಸಬೇಕು. ಅಂಥದ್ದನ್ನು ಪಕ್ಕಕ್ಕಿಟ್ಟು, ಸದ್ಯಕ್ಕೆ ಸುಲಭದ್ದನ್ನೇ ಎತ್ತಿಕೊಳ್ಳಿ.

ನಮ್ಮ ಸುಡೊಕುವಿನಲ್ಲಿ ಈಗ 62 ಮನೆ ತುಂಬಿವೆ, 19 ಬಾಕಿ ಇವೆ. ಅವು ನಿಮ್ಮ ಪಾಲಿಗೆ. 7ನೇ ಅಡ್ಡಸಾಲಿನಲ್ಲಿ ಒಂದೇ ಮನೆ ಖಾಲಿ ಇದೆ, ಅಲ್ಲಿಂದ ಶುರು ಮಾಡಿ. ಮೊದಲ ಅಡ್ಡಸಾಲಿಗೆ 7, 8, 9 ಬಾಕಿ, 7ನೇ ಕಂಬಸಾಲು ನಿಮಗೆ ಮೊದಲ ಸುಳಿವು ಕೊಡುತ್ತದೆ. ಪ್ರತಿ ಅಂಕಿ ಬರೆಯುವಾಗಲೂ ‘ಇದು ಇಲ್ಲಿ ಏಕೆ?’ ಎಂದು ನಿಮಗೆ ನೀವೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ಆ ವಾಕ್ಯ ಬಾಯಿಗೆ ಬಂದರೆ ಬರೆಯಿರಿ, ಬಾರದಿದ್ದರೆ ಪಕ್ಕದ ಪೆಟ್ಟಿಗೆಗೆ ಹೋಗಿ. 19 ವಾಕ್ಯಗಳಾದ ಮೇಲೆ ಕೆಳಗಿನ ಉತ್ತರದೊಡನೆ ಹೋಲಿಸಿ.

```
6 1 4 | 5 2 3 | 8 7 9
9 3 8 | 6 7 4 | 1 5 2
2 7 5 | 8 1 9 | 4 3 6
------+-------+------
1 4 9 | 3 5 8 | 6 2 7
3 8 2 | 1 6 7 | 9 4 5
5 6 7 | 4 9 2 | 3 8 1
------+-------+------
8 9 6 | 2 3 5 | 7 1 4
4 2 1 | 7 8 6 | 5 9 3
7 5 3 | 9 4 1 | 2 6 8
```